ಬಿಲ್ಡರ್‌ಗೆ ಬರೆಯುವ ದೂರುಪತ್ರದಲ್ಲಿ ದಿನಾಂಕಗಳ ಪಟ್ಟಿ

ಹೊಸ ಫ್ಲ್ಯಾಟಿನಲ್ಲಿ ಉಳಿದುಹೋದ ದೋಷಗಳ ಬಗ್ಗೆ ಬಿಲ್ಡರ್‌ಗೆ ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯಲ್ಲಿರುತ್ತವೆ: "ಗೋಡೆಗಳು ಒದ್ದೆಯಾಗುತ್ತಿವೆ, ಬಾತ್‌ರೂಮಿನಲ್ಲಿ ನೀರು ನಿಲ್ಲುತ್ತದೆ, ಹಲವು ಬಾರಿ ಹೇಳಿದರೂ ಯಾರೂ ಗಮನ ಕೊಟ್ಟಿಲ್ಲ." ಇದರಲ್ಲಿ ಒಂದು ಮಾತೂ ಸುಳ್ಳಿರುವುದಿಲ್ಲ. ಆದರೆ ಯಾವ ಗೋಡೆ, ಎಂದಿನಿಂದ, ಯಾರಿಗೆ ಯಾವತ್ತು ಹೇಳಿದ್ದು ಎಂಬುದು ಪತ್ರದಲ್ಲಿ ಇಲ್ಲದ ಕಾರಣ "ನಮ್ಮ ತಂಡ ಪರಿಶೀಲಿಸಲಿದೆ" ಎಂಬ ಒಂದು ಸಾಲಿನ ಉತ್ತರದಲ್ಲಿ ಅದನ್ನು ಮುಗಿಸಿಬಿಡುವುದು ಸುಲಭ. ಅದೇ ದೂರನ್ನು ದಿನಾಂಕಸಹಿತ ಪಟ್ಟಿಯಾಗಿ ಬರೆದರೆ ಪ್ರತಿಯೊಂದು ಸಾಲಿಗೂ ಪ್ರತ್ಯೇಕವಾಗಿ ಉತ್ತರ ಕೊಡಬೇಕಾಗುತ್ತದೆ. ಅಂಥ ಪಟ್ಟಿಯ ಕಂಬಸಾಲುಗಳಲ್ಲಿ ಏನು ಬರೆಯಬೇಕು, ಏಕೆ ಹಾಗೆಯೇ ಬರೆಯಬೇಕು ಎಂಬುದನ್ನು ಒಂದು ಮಾದರಿ ಫ್ಲ್ಯಾಟನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸುತ್ತೇನೆ.

ದಿನಾಂಕಕ್ಕೆ ಇಷ್ಟು ಮಹತ್ವ ಬಂದಿರುವುದು ಕಾನೂನಿನಿಂದ. ನಾವೆಲ್ಲ ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ 14ನೇ ಸೆಕ್ಷನ್ನಿನ 3ನೇ ಉಪವಿಭಾಗದ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲಿನ ದೋಷವನ್ನಾಗಲಿ, ಕೆಲಸಗಾರಿಕೆ, ಗುಣಮಟ್ಟ ಅಥವಾ ಸೌಲಭ್ಯಗಳಲ್ಲಿನ ದೋಷವನ್ನಾಗಲಿ ಖರೀದಿದಾರರು ಬಿಲ್ಡರ್‌ನ ಗಮನಕ್ಕೆ ತಂದರೆ, ಅದನ್ನು 30 ದಿನಗಳಲ್ಲಿ ಹೆಚ್ಚುವರಿ ಹಣ ಪಡೆಯದೆ ಸರಿಪಡಿಸಿಕೊಡುವುದು ಬಿಲ್ಡರ್‌ನ ಕರ್ತವ್ಯ. ಅಷ್ಟರಲ್ಲಿ ಮಾಡಿಕೊಡದಿದ್ದರೆ ಖರೀದಿದಾರರಿಗೆ ತಕ್ಕ ಪರಿಹಾರ ಪಡೆಯುವ ಹಕ್ಕು ಬರುತ್ತದೆ. ಈ ನಿಯಮದಲ್ಲಿ ಎರಡು ಅವಧಿಗಳಿವೆ. 5 ವರ್ಷ ಎಣಿಸುವುದು ಸ್ವಾಧೀನದ ದಿನದಿಂದ, 30 ದಿನ ಎಣಿಸುವುದು ಗಮನಕ್ಕೆ ತಂದ ದಿನದಿಂದ. ದೋಷ ನಮ್ಮ ಕಣ್ಣಿಗೆ ಯಾವತ್ತು ಬಿತ್ತು ಎಂಬುದಕ್ಕೆ ಈ ಎರಡೂ ಲೆಕ್ಕಗಳಲ್ಲಿ ಸ್ಥಾನವಿಲ್ಲ. ಹೀಗಾಗಿ ಆರು ತಿಂಗಳು ಗೋಡೆಯನ್ನು ನೋಡಿಕೊಂಡು ಸುಮ್ಮನಿದ್ದು ಆಮೇಲೆ ಪತ್ರ ಬರೆದವರ 30 ದಿನ ಶುರುವಾಗುವುದು ಆ ಪತ್ರದಿಂದಲೇ.

ಈಗ ಮಾದರಿಗೆ ಬರೋಣ. ಮೂರನೇ ಮಹಡಿಯ ಒಂದು ಫ್ಲ್ಯಾಟ್, ಸ್ವಾಧೀನ ಸಿಕ್ಕಿದ್ದು 12-06-2023ರಂದು, ಪತ್ರ ಬರೆಯುತ್ತಿರುವುದು 20-11-2024ರಂದು ಎಂದಿಟ್ಟುಕೊಳ್ಳಿ. ಪತ್ರದೊಳಗಿನ ಪಟ್ಟಿ ಹೀಗಿರುತ್ತದೆ.

| ಕ್ರ.ಸಂ. | ಜಾಗ | ಕಣ್ಣಿಗೆ ಕಾಣುವುದು | ಮೊದಲು ಕಂಡದ್ದು | ತಿಳಿಸಿದ್ದು, ಹೇಗೆ | ನಿಮ್ಮ ಕಡೆಯಿಂದ ಆದದ್ದು | 20-11-2024ರ ಸ್ಥಿತಿ |
|---|---|---|---|---|---|---|
| 1 | ಬಾತ್‌ರೂಮಿನ ನೆಲ | ನೀರು ಹೋಗುವ ಜಾಲರಿಯ ಎದುರಿನ ಮೂಲೆಯಲ್ಲಿ ನೀರು ನಿಲ್ಲುತ್ತದೆ. 15 ನಿಮಿಷದ ನಂತರವೂ 6 ಮಿ.ಮೀ. ಆಳ | 12-06-2023 | 14-06-2023, ನಿಮ್ಮ ಆ್ಯಪ್ ಮೂಲಕ ದೂರು | 02-07-2023: ಸೈಟ್ ಇಂಜಿನಿಯರ್ ಬಂದು ನೋಡಿದರು, ಕೆಲಸ ಆಗಿಲ್ಲ | ಬಾಕಿ |
| 2 | ಮಲಗುವ ಕೋಣೆ, ಬಾತ್‌ರೂಮಿಗೆ ಅಂಟಿದ ಗೋಡೆ | ನೆಲದಿಂದ 20 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲಕ್ಕೆ ತೇವ, ಬಣ್ಣ ಉಬ್ಬಿದೆ, ಬಿಳಿ ಪುಡಿ ಉದುರುತ್ತದೆ | 03-09-2023 | 05-09-2023, ಇಮೇಲ್ | 21-09-2023: ಪುಟ್ಟಿ ಹಾಕಿ ಬಣ್ಣ ಬಳಿದರು. 10-01-2024: ಅದೇ ಜಾಗದಲ್ಲಿ ಮತ್ತೆ ತೇವ. 11-01-2024: ಇಮೇಲ್; ಉತ್ತರವಿಲ್ಲ | ಬಾಕಿ |
| 3 | ಹಾಲ್‌ನ ಕಿಟಕಿ | ಮಳೆಯಲ್ಲಿ ಕೆಳಗಿನ ಹಳಿಯಿಂದ ನೀರು ಒಳಕ್ಕೆ ಬರುತ್ತಿತ್ತು | 18-07-2023 | 18-07-2023, ವಾಟ್ಸ್ಯಾಪ್ | 09-08-2023: ಸಂದಿಗೆ ಸೀಲಂಟ್ ಹಾಕಿದರು | ಮುಗಿದಿದೆ, 2024ರ ಮಳೆಗಾಲದಲ್ಲಿ ಸೋರಿಲ್ಲ |
| 4 | ಹಾಲ್‌ನ ಅದೇ ಕಿಟಕಿಯ ಮೇಲ್ಮೂಲೆ | ಓರೆ ಬಿರುಕು. 04-04-2024ರಂದು 42 ಸೆಂ.ಮೀ., 01-10-2024ರಂದು 47 ಸೆಂ.ಮೀ. ಉದ್ದ | 04-04-2024 | 02-10-2024, ಇಮೇಲ್ | ಉತ್ತರವಿಲ್ಲ | ಬಾಕಿ |

ಮೊದಲು ಮೂರನೇ ಕಂಬಸಾಲನ್ನು ಗಮನಿಸಿ. ಅದರಲ್ಲಿ ಎಲ್ಲಿಯೂ ಕಾರಣದ ಮಾತಿಲ್ಲ. "ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಿಲ್ಲ" ಎಂದು ಬರೆಯಬೇಕೆನ್ನಿಸುವುದು ಸಹಜ, ಅದು ನಿಜವೂ ಆಗಿರಬಹುದು. ಆದರೆ ಅದು ನಮ್ಮ ಊಹೆ. ಬಿಲ್ಡರ್‌ನ ಇಂಜಿನಿಯರ್ "ವಾಟರ್‌ಪ್ರೂಫಿಂಗ್ ಮಾಡಿದ ದಾಖಲೆ ನಮ್ಮ ಬಳಿ ಇದೆ" ಎಂದು ಬರೆದರೆ ಚರ್ಚೆ ಆ ದಾಖಲೆಯ ಕಡೆಗೆ ಹೊರಳಿ ಒದ್ದೆ ಗೋಡೆ ಹಿಂದೆ ಸರಿಯುತ್ತದೆ. 20 ಸೆಂ.ಮೀ. ಎತ್ತರಕ್ಕೆ ತೇವ ಇದೆ ಎಂಬುದನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ, ಟೇಪು ಹಿಡಿದು ಅಳೆದರೆ ಯಾರಿಗೂ ಅದೇ ಸಿಗುತ್ತದೆ. ಕಾರಣ ಹುಡುಕುವ ಹೊಣೆ ಕಟ್ಟಿದವರದು, ನಮ್ಮದು ಕಂಡದ್ದನ್ನು ಅಳತೆಯೊಂದಿಗೆ ಹೇಳುವುದು.

ಅಳತೆ ಹಿಡಿಯಲು ವಿಶೇಷ ಉಪಕರಣವೇನೂ ಬೇಕಿಲ್ಲ. ಬಾತ್‌ರೂಮಿನ ನೆಲಕ್ಕೆ ವಾಟ ಸರಿಯಿದೆಯೇ ಎಂದು ತಿಳಿಯಲು ಒಂದು ಬಕೆಟ್ ನೀರನ್ನು ನೆಲದ ಮೇಲೆಲ್ಲ ಹರಡುವಂತೆ ಸುರಿದು 15 ನಿಮಿಷ ಬಿಡಬೇಕು. ವಾಟ ಸರಿಯಿದ್ದರೆ ಟೈಲ್ಸಿನ ಮೇಲೆ ಬರೀ ಒದ್ದೆ ಉಳಿಯುತ್ತದೆ. ಇಲ್ಲದಿದ್ದರೆ ಯಾವುದಾದರೂ ಮೂಲೆಯಲ್ಲಿ ನೀರು ಮಡುಗಟ್ಟಿರುತ್ತದೆ. ಅಲ್ಲಿ ಸ್ಟೀಲ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ, ಅಂಕಿ ಕಾಣುವಂತೆ ಫೋಟೊ ತೆಗೆದರೆ ಸಾಕು. ಕೆಲವು ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಸ್ವಲ್ಪ ಒಳಗಿರುತ್ತದೆ, ಆ ಅಂತರವನ್ನು ಓದಿದ ಅಂಕಿಗೆ ಸೇರಿಸಿಕೊಳ್ಳಬೇಕು. ಬಿರುಕಿಗಾದರೆ ಅದರ ಎರಡೂ ತುದಿಗಳಲ್ಲಿ ಪೆನ್ಸಿಲ್‌ನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು. ಕೆಲವು ತಿಂಗಳ ನಂತರ ಬಿರುಕು ಆ ಗೆರೆಯನ್ನು ದಾಟಿದ್ದರೆ ಅದು ಬೆಳೆಯುತ್ತಿದೆ ಎಂಬುದು ಗೋಡೆಯ ಮೇಲೆಯೇ ಬರೆದಿಟ್ಟಂತೆ ಕಾಣುತ್ತದೆ. ಗಾರೆ ಒಣಗುವಾಗ ಬೀಳುವ ಕೂದಲೆಳೆಯಂಥ ಬಿರುಕುಗಳು ಸಾಮಾನ್ಯವಾಗಿ ಒಂದು ಹಂತದಲ್ಲಿ ನಿಂತುಬಿಡುತ್ತವೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ತಿಂಗಳಿಂದ ತಿಂಗಳಿಗೆ ಉದ್ದವಾಗುವ ಬಿರುಕನ್ನು ಮಾತ್ರ ಅನುಭವವುಳ್ಳ ಇಂಜಿನಿಯರ್ ಒಬ್ಬರು ಖುದ್ದಾಗಿ ನೋಡಲೇಬೇಕು. ನಾಲ್ಕನೇ ಸಾಲಿನಲ್ಲಿ ಎರಡು ದಿನಾಂಕ, ಎರಡು ಅಳತೆ ಇರುವುದು ಈ ಕಾರಣಕ್ಕೆ.

ದಿನಾಂಕಗಳು ತಾವಾಗಿಯೇ ಕೆಲವು ಸಂಗತಿಗಳನ್ನು ಹೊರಗೆಡಹುತ್ತವೆ ಎಂಬುದಕ್ಕೆ ಎರಡನೇ ಸಾಲು ಒಳ್ಳೆಯ ಉದಾಹರಣೆ. ತೇವ ಮೊದಲು ಕಂಡದ್ದು ಸೆಪ್ಟೆಂಬರಿನಲ್ಲಿ. ಆಗ ಬಿಲ್ಡರ್ ಕಡೆಯವರು "ಮಳೆಗಾಲದ ತೇವ, ಬಿಸಿಲು ಬಂದರೆ ಒಣಗುತ್ತದೆ" ಎಂದಿದ್ದರೆ ಒಪ್ಪಬಹುದಾಗಿತ್ತು. ಆದರೆ ಬಣ್ಣ ಬಳಿದ ಮೇಲೆ ಅದೇ ಜಾಗದಲ್ಲಿ ತೇವ ಮರಳಿದ್ದು ಜನವರಿಯಲ್ಲಿ, ಮಳೆ ನಿಂತು ವಾರಗಳು ಕಳೆದ ಮೇಲೆ. ಹೊರಗೋಡೆಯಿಂದ ಇಳಿಯುವ ನೀರು ಮಳೆಯ ಜೊತೆಗೆ ಬಂದು ಮಳೆಯ ಜೊತೆಗೆ ತಗ್ಗುತ್ತದೆ. ದಿನವೂ ಬಳಸುವ ಬಾತ್‌ರೂಮಿನಿಂದ ಬರುವ ನೀರಿಗೆ ಋತುವಿನ ಹಂಗಿಲ್ಲ. ಇದರ ಜೊತೆಗೆ ಮೊದಲನೇ ಸಾಲನ್ನು ಇಟ್ಟು ಓದಿ: ಆ ಗೋಡೆಯ ಆಚೆ ಬದಿಯ ಮೂಲೆಯಲ್ಲಿಯೇ ಜೂನ್ ತಿಂಗಳಿಂದ ನೀರು ನಿಲ್ಲುತ್ತಿದೆ. ಅಲ್ಲಿಯ ಟೈಲ್ಸಿನ ಸಂದಿಗಳ ಮೂಲಕ ಇಳಿದ ನೀರು ಗೋಡೆಯ ಬುಡಕ್ಕೆ ಹೋಗುತ್ತಿರಬಹುದೆಂದು ಯಾರಾದರೂ ಅಂದಾಜು ಮಾಡಬಹುದು. ಒಳಗಿನ ಪೈಪಿನ ಸೋರಿಕೆಯೂ ಇರಬಹುದು, ಅದು ಪರೀಕ್ಷೆಯಿಂದಲೇ ತಿಳಿಯಬೇಕು. ಏನೇ ಇರಲಿ, ಬಣ್ಣ ಬಳಿದು ಮುಗಿಸುವ ದೋಷ ಇದಾಗಿರಲಿಲ್ಲ ಎಂಬುದನ್ನು ಒಂದು ಆರೋಪದ ಮಾತೂ ಇಲ್ಲದೆ ಈ ದಿನಾಂಕಗಳು ತೋರಿಸುತ್ತವೆ.

ಮರುಕಳಿಸಿದ ದೋಷದ ವಿಷಯದಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಆ್ಯಪಿನಲ್ಲಿ ಹಳೆಯ ದೂರನ್ನು "ಮುಗಿದಿದೆ" ಎಂದು ಗುರುತು ಮಾಡಿರುವುದರಿಂದ ಹೊಸ ದೂರು ದಾಖಲಿಸುತ್ತಾರೆ, ಪತ್ರದಲ್ಲಿಯೂ ಹೊಸ ದೂರಿನ ದಿನಾಂಕವನ್ನೇ ಕೊಡುತ್ತಾರೆ. ಆಗ 05-09-2023ರಂದು ತಿಳಿಸಿದ ದೋಷ 11-01-2024ರ ದೋಷವಾಗಿಬಿಡುತ್ತದೆ, ನಡುವಿನ ನಾಲ್ಕು ತಿಂಗಳು ಕಡತದಿಂದ ಮಾಯವಾಗುತ್ತದೆ. ಆ್ಯಪಿನಲ್ಲಿ ಹೊಸ ದೂರು ಹಾಕುವುದು ಅನಿವಾರ್ಯವಾದರೆ ಹಾಕಿ, ಆದರೆ ಪಟ್ಟಿಯಲ್ಲಿ ಅದು ಹಳೆಯ ಸಾಲಿನೊಳಗೇ ಮುಂದಿನ ಘಟನೆಯಾಗಿ ಸೇರಬೇಕು. ಕ್ರಮಸಂಖ್ಯೆಯೂ ಹಾಗೆಯೇ: ಮೊದಲ ಪತ್ರದಲ್ಲಿ 2 ಆಗಿದ್ದ ದೋಷ ಕೊನೆಯ ಪತ್ರದವರೆಗೂ 2 ಆಗಿಯೇ ಇರಬೇಕು. ಆ್ಯಪಿನ ದೂರುಗಳ ಸ್ಕ್ರೀನ್‌ಶಾಟನ್ನು ಆಗಾಗ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆ ಆ್ಯಪ್ ಬಿಲ್ಡರ್‌ನ ಕೈಯಲ್ಲಿದೆ, ಅದನ್ನು ನಿಲ್ಲಿಸಿದರೆ ನಿಮ್ಮ ದಾಖಲೆಯೂ ಹೋಗುತ್ತದೆ.

ಮೂರನೇ ಸಾಲಿನ ದೋಷ ಸರಿಹೋಗಿದೆ. ಅದನ್ನು ಪಟ್ಟಿಯಿಂದ ತೆಗೆದುಹಾಕದೆ ಉಳಿಸಿಕೊಂಡದ್ದು ಸರಿ ಎಂದು ನಾನು ದೃಢವಾಗಿ ನಂಬುತ್ತೇನೆ. ಆದ ಕೆಲಸವನ್ನು ಆಗಿದೆ ಎಂದು ಒಪ್ಪಿ ಬರೆದವರ ಉಳಿದ ಮೂರು ಸಾಲುಗಳನ್ನು ಓದುವವರು ನಂಬುತ್ತಾರೆ, ಅವರು ಬಿಲ್ಡರ್‌ನ ಕಚೇರಿಯವರಿರಲಿ, ಮುಂದೆ ರೇರಾ ಪ್ರಾಧಿಕಾರದವರಿರಲಿ. ಜೊತೆಗೆ, ಸೀಲಂಟ್ ಹಾಕಿದ ಆಗಸ್ಟ್‌ನಲ್ಲಿಯೇ "ಮುಗಿದಿದೆ" ಎಂದು ಬರೆದುಕೊಡದೆ ಒಂದು ಪೂರ್ತಿ ಮಳೆಗಾಲ ನೋಡಿ ಬರೆದದ್ದೂ ಸರಿಯೇ. ಮಳೆಯ ದೋಷ ತೀರಿತೇ ಎಂದು ಮಳೆಯೇ ಹೇಳಬೇಕು. ಕೆಲಸಗಾರರು ಅದೇ ದಿನ ಸಹಿ ಕೇಳಿದರೆ "ಸೀಲಂಟ್ ಹಾಕಿದ್ದಾರೆ, ಮಳೆಯಲ್ಲಿ ಪರೀಕ್ಷೆ ಆಗಬೇಕಿದೆ" ಎಂದು ಬರೆದು ಸಹಿ ಮಾಡಬಹುದು.

ನಾಲ್ಕನೇ ಸಾಲಿನಲ್ಲಿ ಖರೀದಿದಾರರ ಕಡೆಯ ವಿಳಂಬ ಎದ್ದು ಕಾಣುತ್ತದೆ. ಬಿರುಕು ಕಂಡದ್ದು ಏಪ್ರಿಲ್‌ನಲ್ಲಿ, ತಿಳಿಸಿದ್ದು ಅಕ್ಟೋಬರ್‌ನಲ್ಲಿ. ಇದನ್ನು ಮುಚ್ಚಿಡಲು "ತಿಳಿಸಿದ್ದು" ಎಂಬ ಜಾಗದಲ್ಲಿ ಹಿಂದಿನ ದಿನಾಂಕ ಹಾಕುವ ಅಥವಾ "ಮೌಖಿಕವಾಗಿ ಹೇಳಿದ್ದೆ" ಎಂದು ಸೇರಿಸುವ ಆಸೆಗೆ ಬೀಳಬಾರದು. ಒಂದು ಸಾಲಿನ ದಿನಾಂಕ ಸುಳ್ಳೆಂದು ಗೊತ್ತಾದರೆ ನಾಲ್ಕೂ ಸಾಲುಗಳ ದಿನಾಂಕ ಅನುಮಾನಕ್ಕೆ ಒಳಗಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದು ನಿಜವೇ ಆಗಿದ್ದರೆ ಅದೇ ದಿನ ಸಂಜೆ "ಇಂದು ಬೆಳಿಗ್ಗೆ ಸೈಟ್ ಕಚೇರಿಯಲ್ಲಿ ತಮಗೆ ತಿಳಿಸಿದಂತೆ" ಎಂದು ಎರಡು ಸಾಲಿನ ಇಮೇಲ್ ಕಳುಹಿಸುವುದು ಅದಕ್ಕೆ ಮದ್ದು. 5 ವರ್ಷದ ಅವಧಿ 2028ರ ಜೂನ್‌ವರೆಗೆ ಇರುವುದರಿಂದ ಈ ಆರು ತಿಂಗಳ ತಡದಿಂದ ಹಕ್ಕಿಗೆ ಧಕ್ಕೆಯಿಲ್ಲ, 30 ದಿನದ ಲೆಕ್ಕ ಮಾತ್ರ 02-10-2024ರಿಂದ ಶುರುವಾಗಿ 01-11-2024ಕ್ಕೆ ಮುಗಿದಿದೆ.

ಇನ್ನು ಪಟ್ಟಿಯ ಸುತ್ತ ಬರುವ ಪತ್ರ. ಅದು ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಮೊದಲ ಪ್ಯಾರಾದಲ್ಲಿ ಫ್ಲ್ಯಾಟಿನ ಸಂಖ್ಯೆ, ಮಾರಾಟದ ಕರಾರಿನ ದಿನಾಂಕ, ಸ್ವಾಧೀನದ ದಿನಾಂಕ ಬರಬೇಕು. ಎರಡನೇ ಪ್ಯಾರಾವನ್ನು ಹೀಗೆ ಬರೆಯಬಹುದು:

"ಕೆಳಗಿನ ಪಟ್ಟಿಯಲ್ಲಿ ತೋರಿಸಿದ 4 ದೋಷಗಳನ್ನು ಆಯಾ ದಿನಾಂಕಗಳಂದು ತಮ್ಮ ಗಮನಕ್ಕೆ ತಂದಿದ್ದೇನೆ. ಇವುಗಳಲ್ಲಿ ಕ್ರಮಸಂಖ್ಯೆ 3 ಸರಿಹೋಗಿದೆ. ಕ್ರಮಸಂಖ್ಯೆ 1, 2 ಮತ್ತು 4ನ್ನು ಸರಿಪಡಿಸಲು 2016ರ ಕಾಯ್ದೆಯ ಸೆಕ್ಷನ್ 14(3)ರಲ್ಲಿ ಹೇಳಿದ 30 ದಿನಗಳ ಅವಧಿ ಮೂರಕ್ಕೂ ಮುಗಿದಿದೆ. ಜಂಟಿ ಪರಿಶೀಲನೆಗೆ ಬರುವ ದಿನವನ್ನೂ ಪ್ರತಿಯೊಂದು ದೋಷವನ್ನು ಸರಿಪಡಿಸುವ ದಿನವನ್ನೂ ಈ ಪತ್ರ ತಲುಪಿದ 7 ದಿನಗಳ ಒಳಗೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ."

ಇಲ್ಲಿರುವ 7 ದಿನ ಕಾನೂನು ಹೇಳಿದ ಅವಧಿಯಲ್ಲ, ಉತ್ತರಕ್ಕಾಗಿ ನಾವು ಇಟ್ಟುಕೊಂಡ ಗಡುವು ಅಷ್ಟೆ. ಪಟ್ಟಿಯ ಕೆಳಗೆ, ಬಾಕಿಯಿರುವ ಪ್ರತಿಯೊಂದು ದೋಷಕ್ಕೂ ಕೆಲಸ ಮುಗಿದದ್ದನ್ನು ಹೇಗೆ ಪರೀಕ್ಷಿಸಬೇಕೆಂದು ಒಂದೊಂದು ವಾಕ್ಯ ಸೇರಿಸುವುದು ಬಹಳ ಮುಖ್ಯ. ಒಂದನೇ ದೋಷಕ್ಕೆ ಮೇಲೆ ಹೇಳಿದ ಬಕೆಟ್ ನೀರಿನ ಪರೀಕ್ಷೆಯೇ ಸಾಕು. ಎರಡನೇ ದೋಷಕ್ಕೆ ಸಂಬಂಧಿಸಿದ ಪರೀಕ್ಷೆಯೆಂದರೆ ನೀರು ಕಟ್ಟಿ ನೋಡುವುದು: ಜಾಲರಿಯ ಬಾಯನ್ನು ಮುಚ್ಚಿ, ಹೊಸ್ತಿಲು ದಾಟದಂತೆ ಎರಡು ಮೂರು ಸೆಂ.ಮೀ. ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ, ಕನಿಷ್ಠ 24 ಗಂಟೆ ಬಿಟ್ಟು, ಮಟ್ಟ ಇಳಿದಿದೆಯೇ, ಮಲಗುವ ಕೋಣೆಯ ಗೋಡೆಯಲ್ಲಿ ಮತ್ತು ಕೆಳಗಿನ ಮನೆಯ ಚಾವಣಿಯಲ್ಲಿ ತೇವ ಕಾಣಿಸಿದೆಯೇ ಎಂದು ನೋಡಬೇಕು. ಗೋಡೆಗೆ ಹೊಸ ಪುಟ್ಟಿ ಮತ್ತು ಬಣ್ಣ ಈ ಪರೀಕ್ಷೆಯ ನಂತರವೇ ಆಗಬೇಕೆಂದು ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಹೊಸ ಬಣ್ಣ ತೇವವನ್ನು ಕೆಲವು ವಾರ ಮರೆಮಾಡುತ್ತದೆ. ಈ ಪರೀಕ್ಷೆಗೂ ಮಿತಿಯಿದೆ. ನೀರು ಕಟ್ಟಿದಾಗ ಏನೂ ಕಾಣದೆ, ಆಮೇಲೂ ಗೋಡೆಯಲ್ಲಿ ತೇವ ಮುಂದುವರಿದರೆ ಗೋಡೆಯೊಳಗಿನ ಪೈಪನ್ನು ಒತ್ತಡ ಕೊಟ್ಟು ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ಪತ್ರದಲ್ಲಿ ಬರಬಾರದ ಸಂಗತಿಗಳೂ ಇವೆ. ನಿರ್ವಹಣಾ ಶುಲ್ಕದ ತಕರಾರು, ಸ್ವಾಧೀನ ತಡವಾದುದರ ಬಡ್ಡಿ, ಕಾರ್ ಪಾರ್ಕಿಂಗ್ ಜಾಗದ ಜಗಳ, ಇವೆಲ್ಲ ನ್ಯಾಯವಾದವೇ ಆಗಿದ್ದರೂ ಪ್ರತ್ಯೇಕ ಪತ್ರಗಳಿಗೆ ಸೇರಿದವು. ಒಂದೇ ಪತ್ರದಲ್ಲಿ ಬೆರೆಸಿದರೆ ಬಿಲ್ಡರ್ ತನಗೆ ಸುಲಭವಾದುದಕ್ಕೆ ಉತ್ತರಿಸಿ ಉಳಿದುದನ್ನು ಬಿಡುತ್ತಾರೆ. ಲಿಫ್ಟ್, ನೀರಿನ ತೊಟ್ಟಿ, ಮೆಟ್ಟಿಲುಗಳಂಥ ಎಲ್ಲರಿಗೂ ಸೇರಿದ ಜಾಗಗಳ ದೋಷವನ್ನು ಮಾಲೀಕರ ಸಂಘದಿಂದ ಬರೆಸುವುದು ಲೇಸು. ನೀವೇ ಮಾಡಿಸಿದ ಬದಲಾವಣೆಯ ಜಾಗದಲ್ಲಿ ದೋಷವಿದ್ದರೆ ಅದನ್ನು ಮುಚ್ಚಿಡಬೇಡಿ. ಬಾತ್‌ರೂಮಿನ ಆ ಗೋಡೆಗೆ ಗೀಸರ್ ಕೂರಿಸಲು ರಂಧ್ರ ಕೊರೆಸಿದ್ದರೆ, ಅದು ಯಾವ ದಿನ, ನೆಲದಿಂದ ಎಷ್ಟು ಎತ್ತರದಲ್ಲಿ ಎಂಬುದನ್ನು ಮೊದಲೇ ಬರೆದುಬಿಡಿ. ತೇವ ಆ ದಿನಕ್ಕಿಂತ ಹಿಂದೆಯೇ ಕಂಡಿದ್ದರೆ ನಿಮ್ಮ ಪಟ್ಟಿಯೇ ನಿಮ್ಮ ಪರವಾಗಿ ನಿಲ್ಲುತ್ತದೆ.

ಸ್ವಾಧೀನ ಪತ್ರದಲ್ಲಿ "ಫ್ಲ್ಯಾಟನ್ನು ಪರಿಶೀಲಿಸಿ ತೃಪ್ತಿಯಿಂದ ಪಡೆದಿದ್ದೇನೆ" ಎಂಬ ಸಾಲಿಗೆ ಸಹಿ ಮಾಡಿದ್ದೇವಲ್ಲ ಎಂದು ಕೆಲವರು ಹೆದರಿ ಸುಮ್ಮನಾಗುತ್ತಾರೆ. ಕಾಯ್ದೆ 5 ವರ್ಷ ಕೊಟ್ಟಿರುವುದೇ ಸ್ವಾಧೀನದ ನಂತರ ಹೊರಬೀಳುವ ದೋಷಗಳನ್ನೂ ಲೆಕ್ಕಕ್ಕೆ ಹಿಡಿದು. ಮೊದಲ ದಿನವೇ ಕಂಡ ದೋಷಗಳನ್ನು ಸಹಿಯ ಪಕ್ಕದಲ್ಲಿಯೇ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಪತ್ರವನ್ನು ಸೈಟ್ ಇಂಜಿನಿಯರ್ ಕೈಗೆ ಕೊಟ್ಟು ಬರುವುದು ಸಾಲದು. ಇಂಜಿನಿಯರ್ ಕೆಲಸ ಬಿಟ್ಟು ಹೋದರೆ ಅವರ ಫೋನಿನಲ್ಲಿದ್ದ ನಿಮ್ಮ ವಾಟ್ಸ್ಯಾಪ್ ಸಂದೇಶಗಳೂ ಹೋಗುತ್ತವೆ. ಮಾರಾಟದ ಕರಾರಿನಲ್ಲಿ ನೋಟಿಸು ಕಳುಹಿಸುವ ವಿಳಾಸ ಮತ್ತು ವಿಧಾನವನ್ನು ಹೇಳುವ ಒಂದು ಕಲಮು ಇರುತ್ತದೆ. ಅದರಲ್ಲಿ ಹೇಳಿದಂತೆಯೇ, ಅದೇ ವಿಳಾಸಕ್ಕೆ, ತಲುಪಿದ ದಿನಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳುಹಿಸಿ, ಅದೇ ದಿನ ಇಮೇಲ್ ಕೂಡ ಮಾಡಿ. ಫೋಟೊಗಳ ಮೂಲ ಕಡತಗಳನ್ನು ಫೋನಿನಲ್ಲಿಯೋ ಕಂಪ್ಯೂಟರ್‌ನಲ್ಲಿಯೋ ಹಾಗೆಯೇ ಉಳಿಸಿಕೊಳ್ಳಿ. ವಾಟ್ಸ್ಯಾಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳುಹಿಸಿದಾಗ, ಅದನ್ನು ಯಾವತ್ತು ತೆಗೆದದ್ದು ಎಂಬ ಕಡತದೊಳಗಿನ ಮಾಹಿತಿ ಅಳಿಸಿಹೋಗುತ್ತದೆ. ಪ್ರತಿ ಫೋಟೊಗೆ ಪಟ್ಟಿಯ ಕ್ರಮಸಂಖ್ಯೆ ಮತ್ತು ದಿನಾಂಕ ಸೇರಿಸಿ ಹೆಸರಿಟ್ಟರೆ ಹುಡುಕುವ ಕಷ್ಟ ತಪ್ಪುತ್ತದೆ.

ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರದಿಂದ ಕೆಲಸ ಆಗದಿದ್ದರೆ, ರಾಜ್ಯದ ರೇರಾ ಪ್ರಾಧಿಕಾರದ ಮುಂದೆ ಸೆಕ್ಷನ್ 31ರ ಅಡಿ ದೂರು ಕೊಡಬಹುದು. ಪರಿಹಾರದ ಹಣವನ್ನು ನಿರ್ಧರಿಸುವ ಅಧಿಕಾರ ಸೆಕ್ಷನ್ 71ರ ಪ್ರಕಾರ ನ್ಯಾಯನಿರ್ಣಯ ಅಧಿಕಾರಿಯದು, ಆದ್ದರಿಂದ ಕೆಲಸ ಮಾಡಿಸಿಕೊಡಿ ಎಂಬ ಕೋರಿಕೆ ಮತ್ತು ಪರಿಹಾರದ ಕೋರಿಕೆ ಎರಡನ್ನೂ ಸರಿಯಾದ ಕಡೆಗೆ ಬೇರೆ ಬೇರೆಯಾಗಿ ಒಯ್ಯಬೇಕಾಗುತ್ತದೆ. ಅಲ್ಲಿಗೆ ಹೋಗುವಾಗ ಹೊಸದಾಗಿ ಬರೆಯಬೇಕಾದದ್ದು ಕಡಿಮೆ, ಏಕೆಂದರೆ ಘಟನೆಗಳ ಕ್ರಮ ಆಗಲೇ ಪಟ್ಟಿಯಲ್ಲಿದೆ.

ಬಿಲ್ಡರ್ ಕೆಲಸಗಾರರನ್ನು ಕಳುಹಿಸಿದರೆ ಅವರು ಬಂದ ದಿನ, ಏನು ಮಾಡಿದರು, ಎಷ್ಟು ಜಾಗದ ಟೈಲ್ಸ್ ಎಬ್ಬಿಸಿದರು, ಪರೀಕ್ಷೆ ಯಾವಾಗ ನಡೆಯಿತು ಎಂಬುದನ್ನು ಅದೇ ಸಂಜೆ ಆಯಾ ಸಾಲಿನಲ್ಲಿ ತುಂಬಿ, ಪಟ್ಟಿಯ ಹೊಸ ಪ್ರತಿಯನ್ನು ಇಮೇಲ್ ಮಾಡಿ. ಪೂರ್ಣ ಪಟ್ಟಿ ಹೋಗಲಿ, ಬದಲಾದ ಸಾಲು ಮಾತ್ರ ಸಾಲದು, ಕೊನೆಯ ಕಂಬಸಾಲಿನ ತಲೆಯ ಮೇಲಿನ ದಿನಾಂಕವೂ ಹೊಸದಾಗಿರಲಿ. ಎರಡನೇ ಸಾಲಿನ ಗೋಡೆಗೆ ನೀರು ಕಟ್ಟಿದ ಪರೀಕ್ಷೆ ಆಗಿ ಬಣ್ಣವೂ ಆಗಿದ್ದರೆ, ಸ್ಥಿತಿಯ ಜಾಗದಲ್ಲಿ "ಕೆಲಸ ಆಗಿದೆ, ಮೂರು ತಿಂಗಳ ನಂತರ ಮತ್ತೆ ನೋಡಲಾಗುವುದು" ಎಂದು ಬರೆದು, ತೇವ ಎಲ್ಲಿಯವರೆಗೆ ಏರಿತ್ತೋ ಆ 20 ಸೆಂ.ಮೀ. ಎತ್ತರದಲ್ಲಿ ಹೊಸ ಬಣ್ಣದ ಮೇಲೆ ಸಣ್ಣದೊಂದು ಪೆನ್ಸಿಲ್ ಗೆರೆ ಎಳೆದು ದಿನಾಂಕ ಹಾಕಿಡಿ.